205 ಕೆಜಿ ಈರುಳ್ಳಿ ಮಾರಿ ಕೈಗೆ ಬಂದದ್ದು 8 ರೂ. 36 ಪೈಸೆ: ಆ ತಲೆಬರಹವನ್ನು ನಾವು ಹೇಗೆ ಓದಬೇಕಿತ್ತು

2022ರ ನವೆಂಬರ್ ಕೊನೆಯಲ್ಲಿ ಒಂದು ರಸೀದಿಯ ಫೋಟೋ ನಮ್ಮೆಲ್ಲರ ಫೋನಿಗೂ ಬಂದಿತ್ತು. ನಿಮಗೂ ಬಂದಿರಬಹುದು. ಗದಗ ಜಿಲ್ಲೆಯ ರೈತರೊಬ್ಬರು ಸುಮಾರು 415 ಕಿಲೋಮೀಟರ್ ದೂರದಿಂದ ಬೆಂಗಳೂರಿನ ಯಶವಂತಪುರ ಎಪಿಎಂಸಿ ಯಾರ್ಡ್‌ಗೆ ಈರುಳ್ಳಿ ತಂದಿದ್ದರು. ಮಾರಿದ ಮೇಲೆ ಕೈಗೆ ಕೊಟ್ಟ ರಸೀದಿಯ ಕೊನೆಯ ಸಾಲಿನಲ್ಲಿ ಇದ್ದದ್ದು 8 ರೂಪಾಯಿ 36 ಪೈಸೆ. ಅವರು ಆ ರಸೀದಿಯನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಿದರು. ಒಂದೆರಡು ದಿನದಲ್ಲಿ ಅದು ಕನ್ನಡ, ಇಂಗ್ಲಿಷ್, ಹಿಂದಿ ಎನ್ನದೆ ಎಲ್ಲ ಕಡೆ ಸುದ್ದಿಯಾಯಿತು.

ತಲೆಬರಹಗಳಲ್ಲಿ ಒಂದೊಂದು ಕಡೆ ಒಂದೊಂದು ಪದ ಇತ್ತು. ಆದರೆ ಬಹಳಷ್ಟು ತಲೆಬರಹಗಳ ಎಲುಬು ಇಷ್ಟೇ: 205 ಕೆಜಿ ಈರುಳ್ಳಿಗೆ 8 ರೂಪಾಯಿ.

ಇದು ಸುಳ್ಳೇ? ಅಲ್ಲ. ನಿಜವೇ? ಅದನ್ನು ಹೇಳೋಕೆ ಸ್ವಲ್ಪ ಜಾಗ ಬೇಕು. ಒಂದು ತಲೆಬರಹ ಮತ್ತು ಅದರ ಕೆಳಗಿನ ಮೊದಲ ಪ್ಯಾರಾ, ಒಳಗಿನ ಸುದ್ದಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡುವುದು ನಮ್ಮ ಕಸುಬಿನ ದಿನನಿತ್ಯದ ಕೆಲಸ. ಅದನ್ನು ಹೇಗೆ ಮಾಡುತ್ತೇವೆ ಎಂದು ತೋರಿಸಲು ಈ ರಸೀದಿಗಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಯಾಕೆಂದರೆ ಇಲ್ಲಿ ಯಾರೂ ಅಂಕಿ ತಿರುಚಲಿಲ್ಲ. ಎಲ್ಲ ಅಂಕಿಗಳೂ ಸರಿ ಇದ್ದವು. ಆದರೂ ಓದಿದ ಎಷ್ಟೋ ಮಂದಿಗೆ ತಪ್ಪು ಸುದ್ದಿ ತಲುಪಿತು.

ಮೊದಲು ರಸೀದಿ ಓದೋಣ. ತೂಕ 205 ಕೆಜಿ. ದರ ಕ್ವಿಂಟಲ್‌ಗೆ 200 ರೂಪಾಯಿ, ಅಂದರೆ ಕೆಜಿಗೆ 2 ರೂಪಾಯಿ. ಒಟ್ಟು ಮೊತ್ತ 410 ರೂಪಾಯಿ. ಅದರಲ್ಲಿ ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24 ರೂಪಾಯಿ. ಎರಡೂ ಸೇರಿ 401 ರೂಪಾಯಿ 64 ಪೈಸೆ. 410ರಲ್ಲಿ ಅದನ್ನು ಕಳೆದರೆ ಉಳಿಯುವುದು 8 ರೂಪಾಯಿ 36 ಪೈಸೆ. ಲೆಕ್ಕ ಪೈಸೆಗೆ ಪೈಸೆ ಸರಿ ಇದೆ. ಫೋಟೋದಲ್ಲಿ ಬಂದ ಯಾವುದೇ ರಸೀದಿಗೆ ನಾವು ಮಾಡುವ ಮೊದಲ ಕೆಲಸ ಇದೇ: ಕೂಡಿ ಕಳೆದು ನೋಡುವುದು. ತಿದ್ದಿದ ರಸೀದಿಗಳು ಬಹಳ ಸಲ ಇಲ್ಲೇ ಸಿಕ್ಕಿಬೀಳುತ್ತವೆ. ಕೊನೆಯ ಅಂಕಿ ಬದಲಾಯಿಸಿದವರಿಗೆ ಮೇಲಿನ ಸಾಲುಗಳನ್ನು ಹೊಂದಿಸುವ ತಾಳ್ಮೆ ಇರುವುದಿಲ್ಲ.

ಈಗ ತಲೆಬರಹಕ್ಕೆ ಬರೋಣ. ಸಂತೆಯಲ್ಲಾಗಲಿ ಮಂಡಿಯಲ್ಲಾಗಲಿ ನಾವು ದರ ಹೇಳುವುದು ಹೇಗೆ? ಕೆಜಿಗೆ ಇಷ್ಟು, ಕ್ವಿಂಟಲ್‌ಗೆ ಇಷ್ಟು, ಮೂಟೆಗೆ ಇಷ್ಟು. ಆ ‘ಗೆ’ ಬಂತೆಂದರೆ ಅದು ದರ. ಚಿಕ್ಕ ಹುಡುಗನಿಗೂ ಗೊತ್ತು. ಹಾಗಿರುವಾಗ ‘205 ಕೆಜಿ ಈರುಳ್ಳಿಗೆ 8 ರೂಪಾಯಿ’ ಎಂದು ಬರೆದರೆ ಓದುವವರ ತಲೆಯಲ್ಲಿ ಕೂರುವುದು ದರವೇ. 8 ರೂಪಾಯಿಯನ್ನು 205 ಕೆಜಿಗೆ ಹಂಚಿದರೆ ಕೆಜಿಗೆ ನಾಲ್ಕು ಪೈಸೆ. ಯಶವಂತಪುರದ ವರ್ತಕರು ಈರುಳ್ಳಿಯನ್ನು ಕೆಜಿಗೆ ನಾಲ್ಕು ಪೈಸೆಯಂತೆ ಕೊಂಡರು ಎಂದೇ ಅದರ ಅರ್ಥವಾಗುತ್ತದೆ. ರಸೀದಿ ಹೇಳಿದ್ದು ಹಾಗಲ್ಲ. ಕೊಂಡದ್ದು ಕೆಜಿಗೆ ಎರಡು ರೂಪಾಯಿಗೆ. ನಾಲ್ಕು ಪೈಸೆ ಎನ್ನುವುದು ಬಾಡಿಗೆ, ಹಮಾಲಿ ಎಲ್ಲ ಕಳೆದು ರೈತರಿಗೆ ಉಳಿದದ್ದು.

ಎರಡು ರೂಪಾಯಿಯೂ ಅನ್ಯಾಯವೇ ಅಲ್ಲವೇ, ಅದರಲ್ಲೇನು ವ್ಯತ್ಯಾಸ ಎಂದು ನೀವು ಕೇಳಬಹುದು. ನಮ್ಮ ನಡುವೆಯೇ ಈ ಮಾತು ಬಂತು. ನಮ್ಮಲ್ಲಿ ಒಬ್ಬರು, ‘ಆ ಎಂಟು ರೂಪಾಯಿಯ ಹೆಡ್ಡಿಂಗ್ ಇಲ್ಲದೇ ಇದ್ದಿದ್ದರೆ ಆ ರಸೀದಿಯನ್ನು ಯಾರೂ ತಿರುಗಿ ನೋಡ್ತಾ ಇರಲಿಲ್ಲ’ ಎಂದರು. ಅದು ನಿಜ. ಕೆಜಿಗೆ ಎರಡು ರೂಪಾಯಿ ಎಂದು ಬರೆದಿದ್ದರೆ ಅದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಹೋಗುತ್ತಿತ್ತು. ಇನ್ನೊಬ್ಬರು ಹೇಳಿದ್ದು: ‘ಎಂಟು ರೂಪಾಯಿ ಇರಲಿ. ಅದು ಯಾವ ಎಂಟು ರೂಪಾಯಿ ಅಂತ ಹೇಳ್ಬೇಕಲ್ಲ?’

ನಮ್ಮ ನಿಲುವು ಎರಡನೆಯವರ ಕಡೆಗೆ. ಈ ಸುದ್ದಿಯಲ್ಲಿ ಮೂರು ಅಂಕಿಗಳಿವೆ, ಮೂರಕ್ಕೂ ಬೇರೆ ಬೇರೆ ಹೆಸರಿದೆ. 2 ರೂಪಾಯಿ ದರ. 410 ರೂಪಾಯಿ ಒಟ್ಟು ಮೊತ್ತ. 8 ರೂಪಾಯಿ 36 ಪೈಸೆ ಕೈಗೆ ಬಂದ ಹಣ. ತಲೆಬರಹದಲ್ಲಿ ಯಾವ ಅಂಕಿಯನ್ನಾದರೂ ಹಾಕಿ, ಆದರೆ ಅದರ ಹೆಸರನ್ನು ಅದರ ಜೊತೆಗೇ ಹಾಕಿ. ಹೆಸರು ಕಳಚಿದ ಅಂಕಿ ಯಾವ ಪ್ರಶ್ನೆಗೆ ಉತ್ತರ ಎಂದು ಓದುವವರಿಗೆ ತಿಳಿಯುವುದಿಲ್ಲ. ತಮಗೆ ಬೇಕಾದ ಪ್ರಶ್ನೆಗೆ ಅದನ್ನು ಉತ್ತರವಾಗಿ ಇಟ್ಟುಕೊಳ್ಳುತ್ತಾರೆ. ಈರುಳ್ಳಿ ಬೆಳೆದವರ ಪ್ರಶ್ನೆ ಒಂದೇ: ಈಗ ಯಶವಂತಪುರಕ್ಕೆ ಕಳಿಸಲೋ ಬೇಡವೋ?

ಇದಕ್ಕಾಗಿ ತಲೆಬರಹ ಉದ್ದವಾಗಬೇಕಿಲ್ಲ. ‘205 ಕೆಜಿ ಈರುಳ್ಳಿ ಮಾರಿದ ರೈತನ ಕೈಗೆ ಉಳಿದದ್ದು 8 ರೂ.’ ಎಂದರೆ ಸಾಕು. ‘ಉಳಿದದ್ದು’ ಎಂಬ ಒಂದೇ ಪದ ಒಳಗೆ ಒಂದು ಕಳೆಯುವ ಲೆಕ್ಕ ಇದೆ ಎಂದು ಸೂಚಿಸುತ್ತದೆ. ಓದುವವರಿಗೆ ಏನೆಲ್ಲ ಕಳೆದರು ಎಂಬ ಕುತೂಹಲವೂ ಹುಟ್ಟುತ್ತದೆ. ಕುತೂಹಲ ಹುಟ್ಟಿಸುವುದು ತಪ್ಪಲ್ಲ. ಸುದ್ದಿಯ ಒಳಗೆ ಉತ್ತರ ಇರುವ ಕುತೂಹಲ ಹುಟ್ಟಿಸಿದರೆ ಅದು ಒಳ್ಳೆಯ ತಲೆಬರಹ. ಉತ್ತರವೇ ಇಲ್ಲದ, ಇಲ್ಲವೇ ಬೇರೆಯೇ ಉತ್ತರ ಇರುವ ಕುತೂಹಲ ಹುಟ್ಟಿಸಿದರೆ ಅದು ಗಾಳ. ಕ್ಲಿಕ್‌ಬೈಟ್ ಎನ್ನುವುದು ಅದಕ್ಕೇ.

ಇನ್ನು ಮೊದಲ ಪ್ಯಾರಾ. ಪತ್ರಿಕೆ ಕಚೇರಿಗಳಲ್ಲಿ ಇದಕ್ಕೆ ಇಂಟ್ರೊ ಎನ್ನುತ್ತಾರೆ. ತಲೆಬರಹದಲ್ಲಿ ಜಾಗ ಸಾಲದೆ ಬಿಟ್ಟದ್ದನ್ನು ತುಂಬಿಕೊಡುವುದು ಇಂಟ್ರೊದ ಕೆಲಸ. ಆದರೆ ಎಷ್ಟೋ ಕಡೆ ಇಂಟ್ರೊ ಎಂದರೆ ತಲೆಬರಹವನ್ನೇ ಇನ್ನೊಮ್ಮೆ, ಇನ್ನಷ್ಟು ಕಣ್ಣೀರು ಸೇರಿಸಿ ಹೇಳುವುದು. ‘ಅನ್ನದಾತನ ಗೋಳು ಕೇಳುವವರಿಲ್ಲ, ಈರುಳ್ಳಿ ಈ ಬಾರಿ ಬೆಳೆದವನಿಗೇ ಕಣ್ಣೀರು ತರಿಸಿದೆ’ ಎಂದು ಶುರುವಾದರೆ ಎರಡು ಸಾಲು ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಓದುವವರಲ್ಲಿ ಬಹಳ ಮಂದಿ ಆ ಎರಡು ಸಾಲಿನಿಂದಾಚೆ ಹೋಗುವುದಿಲ್ಲ. 377 ರೂಪಾಯಿ ಬಾಡಿಗೆಯ ಲೆಕ್ಕ ಆರನೇ ಪ್ಯಾರಾದಲ್ಲಿ ಇದ್ದರೆ ಅದು ಇದ್ದೂ ಇಲ್ಲದ ಹಾಗೆ.

ನಾವಾಗಿದ್ದರೆ ಆ ಇಂಟ್ರೊ ಹೀಗೆ ಬರೆಯುತ್ತಿದ್ದೆವು: ‘ಗದಗ ಜಿಲ್ಲೆಯಿಂದ ಯಶವಂತಪುರ ಎಪಿಎಂಸಿಗೆ 205 ಕೆಜಿ ಈರುಳ್ಳಿ ತಂದ ರೈತರೊಬ್ಬರಿಗೆ ಕ್ವಿಂಟಲ್‌ಗೆ 200 ರೂ. ದರ ಸಿಕ್ಕಿದೆ. ಬಂದ 410 ರೂ.ನಲ್ಲಿ ಲಾರಿ ಬಾಡಿಗೆ ಮತ್ತು ಹಮಾಲಿಗೆ 401 ರೂ. 64 ಪೈಸೆ ಹೋಗಿ, ಅವರ ಕೈಗೆ 8 ರೂ. 36 ಪೈಸೆ ಉಳಿದಿದೆ.’ ಎರಡೇ ವಾಕ್ಯ. ಒಂದು ಗೋಳಿನ ಪದವೂ ಇಲ್ಲ. ಓದಿದವರಿಗೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಈ ಲೆಕ್ಕ ಇಂಟ್ರೊದಲ್ಲೇ ಇರಬೇಕು ಎಂದು ನಾವು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. ಬಹಳ ವರದಿಗಳು 415 ಕಿಲೋಮೀಟರ್ ಎಂಬ ದೂರವನ್ನು ಎತ್ತಿ ತೋರಿಸಿದವು. ದೂರ ಮತ್ತು 8 ರೂಪಾಯಿಯನ್ನು ಅಕ್ಕಪಕ್ಕ ಇಟ್ಟರೆ, ಲಾರಿ ಬಾಡಿಗೆಯೇ ರೈತನನ್ನು ತಿಂದಿತು, ಇಷ್ಟು ದೂರ ಯಾಕೆ ಬರಬೇಕಿತ್ತು ಎಂಬ ತೀರ್ಮಾನಕ್ಕೆ ಯಾರಾದರೂ ಬರುತ್ತಾರೆ. ರಸೀದಿಯೂ ಮೇಲ್ನೋಟಕ್ಕೆ ಹಾಗೇ ಹೇಳುತ್ತದೆ. 410 ರೂಪಾಯಿಯಲ್ಲಿ ಬಾಡಿಗೆಯೇ ನೂರಕ್ಕೆ 92 ಭಾಗ. ಆದರೆ ಅದೇ ಬಾಡಿಗೆಯನ್ನು ಕೆಜಿ ಲೆಕ್ಕಕ್ಕೆ ತನ್ನಿ. 377 ರೂಪಾಯಿ 64 ಪೈಸೆಯನ್ನು 205ಕ್ಕೆ ಭಾಗಿಸಿದರೆ ಕೆಜಿಗೆ ಸುಮಾರು 1 ರೂಪಾಯಿ 84 ಪೈಸೆ. ನಾನೂರು ಕಿಲೋಮೀಟರ್ ದಾಟಿಸುವುದಕ್ಕೆ ಅದು ತೀರಾ ಸುಲಿಗೆ ಎನ್ನುವ ಬಾಡಿಗೆಯಲ್ಲ.

ಒಂದು ಪರೀಕ್ಷೆ ಮಾಡಿ ನೋಡೋಣ. ದೂರ ಅದೇ, ಬಾಡಿಗೆ ಅದೇ, ಹಮಾಲಿ ಅದೇ. ದರ ಮಾತ್ರ ಕ್ವಿಂಟಲ್‌ಗೆ 500 ಎಂದಿಟ್ಟುಕೊಳ್ಳಿ. ಒಟ್ಟು 1,025 ರೂಪಾಯಿ ಬರುತ್ತಿತ್ತು, ಕಳೆದು 623 ರೂಪಾಯಿ 36 ಪೈಸೆ ಉಳಿಯುತ್ತಿತ್ತು. ಅದೂ ಲಾಭದ ದುಡ್ಡಲ್ಲ. ಆದರೆ ತಪ್ಪಿದ್ದು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ದೂರಕ್ಕಿಂತ ಹೆಚ್ಚಾಗಿ ಹೊಡೆದದ್ದು ದರ. ದರ ಕೆಜಿಗೆ 1 ರೂಪಾಯಿ 95 ಪೈಸೆಗೆ ಇಳಿದಿದ್ದರೆ ಎಂಟು ರೂಪಾಯಿಯೂ ಇರುತ್ತಿರಲಿಲ್ಲ, ರೈತರೇ ಕೈಯಿಂದ ಕೊಟ್ಟು ಹೋಗಬೇಕಿತ್ತು.

ಹಾಗಾದರೆ ದರ ಅಷ್ಟು ಬಿದ್ದದ್ದು ಯಾಕೆ? ಇದಕ್ಕೆ ಉತ್ತರ ಅನೇಕ ವರದಿಗಳ ಒಳಗೇ ಇತ್ತು. ಪುಣೆ ಮತ್ತು ತಮಿಳುನಾಡು ಕಡೆಯಿಂದ ಯಶವಂತಪುರಕ್ಕೆ ಬರುವ ರೈತರ ಬೆಳೆ ಚೆನ್ನಾಗಿರುವುದರಿಂದ ಅವರಿಗೆ ಒಳ್ಳೆಯ ದರ ಸಿಗುತ್ತಿದೆ, ಆದರೂ ತಮಗೆ ಇಷ್ಟು ಕಡಿಮೆ ಸಿಗುತ್ತದೆ ಎಂದುಕೊಂಡಿರಲಿಲ್ಲ ಎಂದು ಆ ರೈತರೇ ಹೇಳಿದ್ದು ವರದಿಯಾಗಿತ್ತು. ಆ ವರ್ಷ ಮಳೆ ಹೆಚ್ಚಾಗಿ ಉತ್ತರ ಕರ್ನಾಟಕದ ಈರುಳ್ಳಿ ಕೆಟ್ಟಿತ್ತು, ಗೆಡ್ಡೆ ಸಣ್ಣದಾಗಿತ್ತು. ಅವರು ರಸೀದಿಯನ್ನು ಜಾಲತಾಣಕ್ಕೆ ಹಾಕಿದ್ದೂ ಇದಕ್ಕೇ: ಗದಗ ಮತ್ತು ಉತ್ತರ ಕರ್ನಾಟಕದ ಈರುಳ್ಳಿಗೆ ಅಲ್ಲಿ ಬೆಲೆ ಇಲ್ಲ, ತರುವ ಮುಂಚೆ ಯೋಚಿಸಿ ಎಂದು ಉಳಿದ ರೈತರಿಗೆ ಹೇಳೋಕೆ.

ಗಮನಿಸಿ. ರೈತರು ಕೊಟ್ಟ ಎಚ್ಚರಿಕೆಯಲ್ಲಿ ಬೆಳೆಯ ಗುಣಮಟ್ಟ ಇತ್ತು, ಪ್ರದೇಶ ಇತ್ತು. ತಲೆಬರಹಕ್ಕೆ ಬರುವಷ್ಟರಲ್ಲಿ ಎರಡೂ ಉದುರಿಹೋಗಿ ‘ಈರುಳ್ಳಿ’ ಎಂಬ ಒಂದೇ ಪದ ಉಳಿಯಿತು. ಒಳ್ಳೆಯ ಗೆಡ್ಡೆ ಇಟ್ಟುಕೊಂಡಿದ್ದವರೂ ಈ ತಲೆಬರಹ ಓದಿ ಹೆದರಿ, ಊರಿಗೇ ಬಂದ ವ್ಯಾಪಾರಿಗೆ ಸಿಕ್ಕ ಬೆಲೆಗೆ ಕೊಟ್ಟುಬಿಡಬಹುದು. ಅಂಥ ವ್ಯಾಪಾರಿಯ ಕೈಯಲ್ಲೂ ಫೋನ್ ಇರುತ್ತದೆ ಎಂಬುದನ್ನು ಮರೆಯಬೇಡಿ. ‘ನೋಡಣ್ಣ, ಯಶವಂತಪುರದಲ್ಲಿ ಇನ್ನೂರು ಕೆಜಿಗೆ ಎಂಟು ರೂಪಾಯಿ ಅಂತೆ’ ಎಂದು ತೋರಿಸಿದರೆ ಅಲ್ಲಿಗೆ ಚೌಕಾಸಿ ಮುಗಿಯಿತು.

ಇಷ್ಟೆಲ್ಲ ತಲೆಬರಹದಲ್ಲಿ ಹಿಡಿಸಲು ಆಗುವುದಿಲ್ಲ ಎನ್ನುವುದು ನಮಗೂ ಗೊತ್ತು. ಎಂಟು ಹತ್ತು ಪದಗಳಲ್ಲಿ ಹೇಳಬೇಕಾದಾಗ ಏನನ್ನಾದರೂ ಬಿಡಲೇಬೇಕು. ಬಿಡುವುದೆಲ್ಲ ಮೋಸವಲ್ಲ. ಯಾವುದನ್ನು ಬಿಡಬಹುದು ಎಂದು ನಾವು ಹೀಗೆ ಅಳೆಯುತ್ತೇವೆ: ಈ ಪದ ಬಿಟ್ಟರೆ, ಓದಿದವರು ನಾಳೆ ಬೆಳಗ್ಗೆ ಮಾಡುವ ಕೆಲಸ ಬದಲಾಗುತ್ತದೆಯೇ? ರೈತರ ವಯಸ್ಸು, ಲಾರಿ ಯಾವ ದಾರಿಯಲ್ಲಿ ಬಂತು, ಇವನ್ನೆಲ್ಲ ಬಿಟ್ಟರೂ ಯಾರ ಕೆಲಸವೂ ಬದಲಾಗುವುದಿಲ್ಲ. ‘ಉಳಿದದ್ದು’ ಎಂಬುದನ್ನು ಬಿಟ್ಟರೆ ಬದಲಾಗುತ್ತದೆ. ‘ಮಳೆಗೆ ಕೆಟ್ಟ ಈರುಳ್ಳಿ’ ಎಂಬುದನ್ನು ಬಿಟ್ಟರೂ ಬದಲಾಗುತ್ತದೆ. ಇವು ತಲೆಬರಹದಲ್ಲಿ ಇರದಿದ್ದರೆ ಇಂಟ್ರೊದಲ್ಲಾದರೂ ಇರಲೇಬೇಕು.

ಇಂಥ ಸುದ್ದಿ ಕೈಗೆ ಬಂದಾಗ ಡೆಸ್ಕಿನಲ್ಲಿ ಕೂತವರು ವರದಿಗಾರರಿಗೆ ಫೋನ್ ಮಾಡಿ ಕೇಳಲೇಬೇಕಾದ ಪ್ರಶ್ನೆ ಇನ್ನೂ ಒಂದಿದೆ. ಬೆಳೆಯಲು ಮತ್ತು ತರಲು 25 ಸಾವಿರಕ್ಕೂ ಹೆಚ್ಚು ಖರ್ಚಾಗಿದೆ ಎಂದು ರೈತರು ಹೇಳಿದ್ದರು. 205 ಕೆಜಿ ಅಂದರೆ ನಾಲ್ಕು ಮೂಟೆ. ಈ ಖರ್ಚು ಆ ನಾಲ್ಕು ಮೂಟೆಯದೋ, ಇಡೀ ಹೊಲದ್ದೋ? ಎರಡೂ ಅಂಕಿಯನ್ನು ಇಂಟ್ರೊದಲ್ಲಿ ಪಕ್ಕಪಕ್ಕ ಇಡುವ ಮೊದಲು ಇದನ್ನು ಕೇಳಿ ತಿಳಿದಿರಬೇಕು. ಇಲ್ಲದಿದ್ದರೆ 25 ಸಾವಿರ ಹಾಕಿ 8 ರೂಪಾಯಿ ಪಡೆದ ಎಂಬ ಮೂರನೆಯ ತಲೆಬರಹ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಕರುಣೆಯಿಂದ ಬರೆದಾಗ ಇಂಥ ಪ್ರಶ್ನೆ ಕೇಳಲು ನಾಲಿಗೆ ಏಳುವುದಿಲ್ಲ. ರೈತರನ್ನು ಅನುಮಾನಿಸಿದ ಹಾಗೆ ಆಗುತ್ತದೇನೋ ಎಂಬ ಸಂಕೋಚ. ಆದರೆ ಕೇಳದೇ ಬರೆದು ನಾಳೆ ಯಾರೋ ಆ ಅಂಕಿಯನ್ನು ಹಿಡಿದು ಇಡೀ ಸುದ್ದಿಯೇ ಸುಳ್ಳು ಎಂದರೆ, ಮುಖಭಂಗ ಆಗುವುದು ಆ ರೈತರಿಗೇ.

ಈಗ ಇದರ ತದ್ವಿರುದ್ಧ ಸುದ್ದಿಯೊಂದು. 2019ರ ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಕೆಜಿಗೆ 200 ರೂಪಾಯಿ ಮುಟ್ಟಿತು ಎಂಬ ಸುದ್ದಿ ದೇಶದಾದ್ಯಂತ ಓಡಿತ್ತು. ಅಂದಿನ ವರದಿಯ ಒಳಗೆ ಅಧಿಕಾರಿಗಳ ಹೇಳಿಕೆ ಹೀಗಿತ್ತು: ಸಗಟು ದರ ಕ್ವಿಂಟಲ್‌ಗೆ 5,500ರಿಂದ 14,000 ರೂಪಾಯಿವರೆಗೆ ಇದ್ದು, ನಗರದ ಕೆಲವು ಚಿಲ್ಲರೆ ಅಂಗಡಿಗಳಲ್ಲಿ 200 ರೂಪಾಯಿಗೆ ಮಾರಾಟವಾಗಿದೆ. ‘ಕೆಲವು’ ಮತ್ತು ‘ಚಿಲ್ಲರೆ’ ಎಂಬ ಎರಡು ಪದ ಬಿದ್ದುಹೋದರೆ, ಬೆಳೆಗಾರರಿಗೆ ಕಾಣುವುದು ಬೆಂಗಳೂರಿನಲ್ಲಿ ಈರುಳ್ಳಿಗೆ 200 ಎಂದು ಮಾತ್ರ. ಆದರೆ ಬೆಳೆಗಾರರು ಮಾರುವುದು ಚಿಲ್ಲರೆ ಅಂಗಡಿಯಲ್ಲಲ್ಲ, ಯಾರ್ಡಿನಲ್ಲಿ. ಅಲ್ಲಿ ಅವರಿಗೆ 140 ಸಿಗಬಹುದಿತ್ತು, 55 ಕೂಡ ಸಿಗಬಹುದಿತ್ತು. ಒಂದೇ ದಿನ, ಒಂದೇ ಊರಿನಲ್ಲಿ, ಒಂದೇ ಬೆಳೆಗೆ ಕನಿಷ್ಠ ಮತ್ತು ಗರಿಷ್ಠ ದರದ ನಡುವೆ ಎರಡೂವರೆ ಪಟ್ಟು ಅಂತರ. ಕುಸಿದಾಗ ತೀರಾ ಕೆಳಗಿನ ರಸೀದಿ ಹೆಡ್ಡಿಂಗ್ ಆಗುತ್ತದೆ, ಏರಿದಾಗ ತೀರಾ ಮೇಲಿನ ಅಂಗಡಿಯ ಬೋರ್ಡು ಹೆಡ್ಡಿಂಗ್ ಆಗುತ್ತದೆ. ನಡುವಿನ ದರಕ್ಕೆ, ಅಂದರೆ ಹೆಚ್ಚಿನ ರೈತರಿಗೆ ಸಿಕ್ಕ ದರಕ್ಕೆ, ಯಾವತ್ತೂ ಹೆಡ್ಡಿಂಗಿನ ಯೋಗ ಇಲ್ಲ.

ಆ ನಡುವಿನ ದರಕ್ಕೂ ಹೆಸರಿದೆ. ರಾಜ್ಯ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಪ್ರತಿ ಮಾರುಕಟ್ಟೆಯ ಆವಕ, ಕನಿಷ್ಠ ದರ, ಗರಿಷ್ಠ ದರ ಮತ್ತು ಮಾದರಿ ದರ ಇರುತ್ತದೆ. ಮಾದರಿ ದರ ಅಂದರೆ ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ದರದ ಸುದ್ದಿಯ ತಲೆಬರಹ ಸಾಚಾ ಹೌದೋ ಅಲ್ಲವೋ ನೋಡಲು ನಾವು ಮಾಡುವುದು ಇಷ್ಟೇ: ಸುದ್ದಿಯಲ್ಲಿ ಹೇಳಿದ ದಿನಕ್ಕೆ ಹೋಗಿ, ತಲೆಬರಹದ ಅಂಕಿ ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಎಂದು ನೋಡುತ್ತೇವೆ. ಗರಿಷ್ಠಕ್ಕೆ ಹತ್ತಿರವಿದ್ದು ‘ಗರಿಷ್ಠ’ ಎಂಬ ಪದ ತಲೆಬರಹದಲ್ಲಿಯೂ ಇಂಟ್ರೊದಲ್ಲಿಯೂ ಇಲ್ಲದಿದ್ದರೆ ಆ ಸುದ್ದಿಯನ್ನು ಹಂಚುವುದಿಲ್ಲ. ಒಂದೇ ಬೆಳೆಗೆ ತಳಿ ಬೇರೆಯಾದರೆ ಸಾಲೂ ಬೇರೆ ಇರುತ್ತದೆ, ಬೇರೆ ತಳಿಯ ಸಾಲನ್ನು ನೋಡಿ ಮೋಸ ಹೋಗಬಾರದು.

ಇದನ್ನು ನಾವು ಕಲಿತದ್ದು ತಪ್ಪು ಮಾಡಿಯೇ. ಶುರುವಿನ ದಿನಗಳಲ್ಲಿ ಆಲೂಗಡ್ಡೆ ದರ ಏರಿದೆ ಎಂದು ಹಾಕಿ, ಆ ದಿನದ ಗರಿಷ್ಠ ದರವನ್ನು ತಲೆಬರಹಕ್ಕೆ ಏರಿಸಿದ್ದೆವು. ಗರಿಷ್ಠ ಎಂಬ ಪದ ನಾಲ್ಕನೇ ಪ್ಯಾರಾದಲ್ಲಿ ಇತ್ತು. ಬರೆದಿದ್ದೇವಲ್ಲ ಎಂದು ನೆಮ್ಮದಿಯಾಗಿದ್ದೆವು. ಎರಡು ದಿನ ಬಿಟ್ಟು ಹಾಸನ ಕಡೆಯ ಓದುಗರೊಬ್ಬರ ಫೋನ್ ಬಂತು. ‘ನಿಮ್ ಹೆಡ್ಡಿಂಗ್ ನೋಡ್ಕಂಡು ಗಾಡಿ ತುಂಬಿದ್ವಿ ಕಣಪ್ಪಾ. ಅರ್ಧ ರೇಟೂ ಬರ್ಲಿಲ್ಲ. ಓದಿದ್ದು ನಮ್ದೇ ತಪ್ಪು ಬಿಡಿ’ ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಅಂದಿನಿಂದ ತಲೆಬರಹದಲ್ಲಿ ಇರುವ ಅಂಕಿಯ ಹೆಸರು ನಾಲ್ಕನೇ ಪ್ಯಾರಾದಲ್ಲಿ ಇದೆ ಎನ್ನುವುದನ್ನು ನಾವು ಸಮಜಾಯಿಷಿ ಎಂದು ಒಪ್ಪುವುದಿಲ್ಲ.

ಇಲ್ಲಿ ನಮ್ಮ ಕಸುಬಿನ ಒಳಗುಟ್ಟೊಂದನ್ನು ಹೇಳಬೇಕು. ಯಾರ್ಡಿಗೆ ಹೋಗಿ ರೈತರೊಡನೆ ಮಾತಾಡಿ ಬರೆದವರೇ ತಲೆಬರಹ ಕೊಡುವುದು ಅಪರೂಪ. ಅದನ್ನು ಕೊಡುವವರು ಕಚೇರಿಯ ಡೆಸ್ಕಿನವರು. ಜಾಲತಾಣಗಳಲ್ಲಿ ಇನ್ನೂ ಒಂದು ಹೆಜ್ಜೆ ಇದೆ: ಸುದ್ದಿಯ ಪುಟದ ಮೇಲೆ ಒಂದು ತಲೆಬರಹ, ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಕಾಣಲೆಂದು ಇನ್ನೊಂದು, ನೋಟಿಫಿಕೇಶನ್‌ಗೆ ಮತ್ತೊಂದು ಕೊಡಬಹುದು. ಒಳಗಿನ ತಲೆಬರಹ ಸಂಭಾವಿತವಾಗಿಯೇ ಇರುತ್ತದೆ. ಹೊರಗೆ ನಿಮ್ಮ ಫೋನಿಗೆ ಬಂದದ್ದು ಮಾತ್ರ ‘ಶಾಕಿಂಗ್’. ಹಾಗಾಗಿ ಯಾರಾದರೂ ತಲೆಬರಹದ ಬಗ್ಗೆ ದೂರಿದಾಗ ನಾವು ಮೊದಲು ಕೇಳುವುದು, ‘ನೀವು ಓದಿದ್ದು ಎಲ್ಲಿ?’ ಎಂದು. ಮೂರನ್ನೂ ಪಕ್ಕದಲ್ಲಿಟ್ಟು ನೋಡದೆ ತೀರ್ಪು ಕೊಡಲು ಆಗುವುದಿಲ್ಲ.

ನೋಟಿಫಿಕೇಶನ್ನಿನಲ್ಲಿ ಕನ್ನಡಕ್ಕೆ ಒಂದು ತೊಂದರೆಯೂ ಇದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಆಯಿತೋ, ಆಗಲಿಲ್ಲವೋ, ಆಗಬಹುದೋ, ಯಾರೋ ಹಾಗೆಂದರೋ, ಎಲ್ಲವೂ ವಾಕ್ಯದ ಬಾಲದಲ್ಲಿ ಇರುತ್ತದೆ. ಫೋನು ಕತ್ತರಿಸುವುದು ಆ ಬಾಲವನ್ನೇ. ‘ಯಶವಂತಪುರ ಮಾರುಕಟ್ಟೆಯಲ್ಲಿ ಇಂದಿನಿಂದ ಈರುಳ್ಳಿ ಖರೀದಿ ಸ್ಥಗಿತಗೊಳಿಸುವ ಪ್ರಸ್ತಾವ ಇಲ್ಲ’ ಎಂದು ಯಾರಾದರೂ ಬರೆದರು ಎಂದುಕೊಳ್ಳಿ. ಫೋನಿನಲ್ಲಿ ‘ಯಶವಂತಪುರ ಮಾರುಕಟ್ಟೆಯಲ್ಲಿ ಇಂದಿನಿಂದ ಈರುಳ್ಳಿ ಖರೀದಿ ಸ್ಥಗಿತ…’ ಎಂದಷ್ಟೇ ಕಂಡರೆ ಏನಾದೀತು? ಬರೆದವರು ಸತ್ಯವನ್ನೇ ಬರೆದಿದ್ದಾರೆ, ಓದಿದವರಿಗೆ ಮುಟ್ಟಿದ್ದು ಅದರ ಉಲ್ಟಾ. ಅದಕ್ಕೆ ನಾವು ‘ಇಲ್ಲ’, ‘ಸಾಧ್ಯತೆ’, ‘ಆರೋಪ’ ಇಂಥ ಪದಗಳನ್ನು ತಲೆಬರಹದ ಮುಂದಕ್ಕೆ ತರುತ್ತೇವೆ. ‘ಸ್ಥಗಿತ ಇಲ್ಲ: ಯಶವಂತಪುರದಲ್ಲಿ ಈರುಳ್ಳಿ ಖರೀದಿ ಎಂದಿನಂತೆ’ ಎಂದು ಬರೆದರೆ ಎಲ್ಲಿ ಕತ್ತರಿಸಿದರೂ ಅಪಾಯವಿಲ್ಲ. ಓದಲು ಸ್ವಲ್ಪ ಗಡುಸು, ನಿಜ. ಇರಲಿ.

ಇಂಥದ್ದಕ್ಕೆಲ್ಲ ನಿಯಮ ಇಲ್ಲವೇ ಎಂದು ಕೇಳುತ್ತಾರೆ. ಇದೆ. ಭಾರತೀಯ ಪತ್ರಿಕಾ ಮಂಡಳಿಯ ಪತ್ರಿಕಾ ನೀತಿಸಂಹಿತೆಯಲ್ಲಿ, ತಲೆಬರಹ ಉದ್ರೇಕಕಾರಿ ಆಗಿರಬಾರದು, ಅದರ ಕೆಳಗೆ ಅಚ್ಚಾದ ವಿಷಯಕ್ಕೆ ಅದು ಹೊಂದಬೇಕು ಎಂದಿದೆ. ಆರೋಪವನ್ನು ತಲೆಬರಹಕ್ಕೆ ಹಾಕುವಾಗ ಆರೋಪ ಮಾಡಿದವರು ಯಾರೆಂದು ಹೇಳಬೇಕು, ಇಲ್ಲವೇ ಉದ್ಧರಣ ಚಿಹ್ನೆಯನ್ನಾದರೂ ಹಾಕಬೇಕು ಎಂದೂ ಇದೆ. ಆದರೆ ಈ ಮಂಡಳಿ ಇರುವುದು ಮುದ್ರಿತ ಪತ್ರಿಕೆಗಳಿಗೆ, ಅದೂ ಛೀಮಾರಿ ಹಾಕಬಹುದೇ ಹೊರತು ದಂಡ ಹಾಕಲಾರದು. ಮತ್ತು ‘205 ಕೆಜಿ ಈರುಳ್ಳಿಗೆ 8 ರೂಪಾಯಿ’ ಎಂಬುದು ಈ ನಿಯಮವನ್ನು ಮುರಿಯಿತು ಎಂದು ಯಾರೂ ಸಾಧಿಸಲಾರರು. 8 ರೂಪಾಯಿ ಎಂಬುದು ಕೆಳಗಿನ ಸುದ್ದಿಯಲ್ಲಿ ಇತ್ತಲ್ಲ? ನಿಯಮ ನೋಡುವುದು ತಲೆಬರಹದ ಅಂಕಿ ಒಳಗೆ ಇದೆಯೇ ಎಂದು. ಓದಿದವರಿಗೆ ಅದು ಅದೇ ಹೆಸರಿನಲ್ಲಿ ತಲುಪಿತೇ ಎಂಬುದನ್ನು ಡೆಸ್ಕಿನವರೇ ನೋಡಬೇಕು. ಅವರು ನೋಡದಿದ್ದರೆ ನೀವು.

ನೀವು ನೋಡುವುದು ಹೇಗೆ ಎಂದರೆ, ನಾವು ಮಾಡುವ ಹಾಗೇ. ತಲೆಬರಹ ಓದಿದ ಮೇಲೆ ತೆರೆಯುವ ಮುಂಚೆ ಒಂದು ಕ್ಷಣ ನಿಲ್ಲಿ. ಇದರಿಂದ ನನಗೆ ಏನು ತಿಳಿಯಿತು ಎಂದು ಒಂದು ವಾಕ್ಯದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ, ‘ಯಶವಂತಪುರದಲ್ಲಿ ಈರುಳ್ಳಿಗೆ ನಾಲ್ಕು ಪೈಸೆ’ ಎಂದು. ಆಮೇಲೆ ಸುದ್ದಿ ತೆರೆದು ಆ ವಾಕ್ಯವನ್ನು ಹುಡುಕಿ. ಮೊದಲ ಪ್ಯಾರಾದಲ್ಲಿ ಅದೇ ಅರ್ಥದಲ್ಲಿ ಸಿಕ್ಕರೆ ಸರಿ. ಕೊನೆಯಲ್ಲಿ ಸಿಕ್ಕರೆ ಅನುಮಾನಿಸಿ. ಸಿಗಲೇ ಇಲ್ಲ, ಬದಲಿಗೆ ‘ಕೆಜಿಗೆ ಎರಡು ರೂಪಾಯಿ’ ಎಂದು ಸಿಕ್ಕಿದರೆ, ನಿಮ್ಮ ತಲೆಯಲ್ಲಿ ಆ ಮೊದಲ ವಾಕ್ಯವನ್ನು ಕೂರಿಸಿದ್ದು ಸುದ್ದಿಯಲ್ಲ, ತಲೆಬರಹ. ಜೊತೆಗೆ ದಿನಾಂಕ ನೋಡಿ. ಫೋಟೋದಲ್ಲಿರುವ ರಸೀದಿಯ ದಿನಾಂಕ, ನಿಮಗೆ ಬಂದ ಮೆಸೇಜಿನ ದಿನಾಂಕ ಅಲ್ಲ.

ಈ ಬರಹಕ್ಕೆ ಏನು ತಲೆಬರಹ ಕೊಡುವುದು ಎಂದು ನಮ್ಮಲ್ಲಿ ಮುಕ್ಕಾಲು ಗಂಟೆ ಮಾತಾಯಿತು. ‘ಆ 8 ರೂಪಾಯಿಯ ಹಿಂದಿನ ಸತ್ಯ’ ಎಂದು ಒಬ್ಬರು ಸೂಚಿಸಿದರು. ಹಾಗೆ ಹಾಕಿದ್ದರೆ ಓದುವವರು ಹೆಚ್ಚುತ್ತಿದ್ದರು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ರಸೀದಿ ನಕಲಿಯಂತೆ, ರೈತರು ಸುಳ್ಳು ಹೇಳಿದರಂತೆ ಎಂದುಕೊಂಡು ತೆರೆಯುವವರೂ ಇರುತ್ತಿದ್ದರು. ರಸೀದಿ ನಕಲಿಯಲ್ಲ, ರೈತರು ಹೇಳಿದ್ದು ನಿಜ. ಹಾಗಾಗಿ ಮೇಲೆ ನೀವು ಓದಿದ ಉದ್ದನೆಯ ತಲೆಬರಹವೇ ಉಳಿಯಿತು. ಫೋನು ಅದನ್ನು ‘8 ರೂ. 36 ಪೈಸೆ’ ಆದ ಮೇಲೆ ಕತ್ತರಿಸಿದರೂ ಅರ್ಥ ಕೆಡದ ಹಾಗೆ ‘ಕೈಗೆ ಬಂದದ್ದು’ ಎಂಬುದನ್ನು ಅಂಕಿಯ ಮುಂದೆಯೇ ಇಟ್ಟಿದ್ದೇವೆ. ನಿಮ್ಮ ಫೋನಿನಲ್ಲಿ ಅದಕ್ಕೂ ಮೊದಲೇ ಕತ್ತರಿಸಿದ್ದರೆ ಸ್ಕ್ರೀನ್‌ಶಾಟ್ ಕಳಿಸಿ, ಬದಲಾಯಿಸುತ್ತೇವೆ.